ಬಿಂದುಮಾಧವರಾಯರು ಇಟ್ಟ ಡಿಪಾಸಿಟ್

ನಾಸಿಕದ ಪಂಚವಟಿಯಲ್ಲಿ, ಗುಡಿಗಳ ಗದ್ದಲದಿಂದ ಎರಡು ಗಲ್ಲಿ ಒಳಗೆ ಬಂದರೆ ಬಿಂದುಮಾಧವರಾಯರ ಬಾಡಿಗೆ ಸಾಮಾನಿನ ಅಂಗಡಿ ಸಿಗುತ್ತದೆ. ಗೋಡೆ ಕೊರೆಯುವ ಡ್ರಿಲ್, ಟೈಲ್ಸ್ ಕತ್ತರಿಸುವ ಯಂತ್ರ, ನೀರೆತ್ತುವ ಪಂಪು, ಅಲ್ಯೂಮಿನಿಯಂ ಏಣಿ, ಅಂಗಳ ತೊಳೆಯುವ ಪ್ರೆಶರ್ ವಾಷರ್, ಸಾಮಾನು ಸಾಗಿಸುವ ಕೈಗಾಡಿ ಎಲ್ಲವೂ ಅಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಬೇರೆ, ಡಿಪಾಸಿಟ್ ಬೇರೆ. ಡಿಪಾಸಿಟ್ ಇಡದೆ ಒಂದು ಸ್ಪ್ಯಾನರ್ ಕೂಡ ಆ ಬಾಗಿಲು ದಾಟಿದ್ದಿಲ್ಲ.

ರಾಯರು ಬಾಗಲಕೋಟೆ ಕಡೆಯವರು. ಹುಡುಗತನದಲ್ಲೇ ನಾಸಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಗೆ ಬಂದು, ತಪಾಸಣೆ ವಿಭಾಗದಲ್ಲಿ ತಲೆ ಬೆಳ್ಳಗಾಗುವ ತನಕ ದುಡಿದವರು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಅಲ್ಲಿ ಅವರ ಕೆಲಸ. ನಿವೃತ್ತಿಯಾದ ಮೇಲೆ ಆ ಕಣ್ಣು ಸುಮ್ಮನಿರಲಿಲ್ಲ. ಮನೆಯಲ್ಲಿ ಕುಕ್ಕರಿನ ಹಿಡಿ ಸಡಿಲವಾದದ್ದು, ಬಾಗಿಲ ಚಿಲಕ ಕೂದಲೆಳೆಯಷ್ಟು ಓರೆಯಾದದ್ದು, ಹೆಂಡತಿ ಅಲಕಾ ಕೊಯ್ದ ಬೆಂಡೇಕಾಯಿ ಒಂದಕ್ಕೊಂದು ಸಮ ಇಲ್ಲದ್ದು, ಎಲ್ಲವೂ ಅವರಿಗೆ ಕಾಣತೊಡಗಿತು. ಮೂರನೇ ತಿಂಗಳಿಗೆ ಅಲಕಾಬಾಯಿಯವರೇ ಹೇಳಿದರು: "ನೀವೊಂದು ಅಂಗಡಿ ತಗೀರಿ. ಏನರೆ ಕೊಡೂದು, ತಿರುಗಿ ಇಸ್ಗೊಳ್ಳೂದು, ತಪ್ಪು ಹುಡುಕೂದು ಇರಬೇಕು. ಇಲ್ಲಾಂದ್ರ ನಾನಽ ಊರಿಗೆ ಹೋಗಿಬಿಡ್ತೀನಿ."

ಹೀಗೆ ಹುಟ್ಟಿದ ಅಂಗಡಿ ಚೆನ್ನಾಗಿಯೇ ನಡೆಯಿತು. ಡಿಪಾಸಿಟ್ ಹಣವನ್ನು ಗಲ್ಲಾಪೆಟ್ಟಿಗೆಯಲ್ಲಿ ಬೆರೆಸಬಾರದು ಎಂದು ಅಲಕಾಬಾಯಿ ಮೊದಲ ದಿನವೇ ತಾಕೀತು ಮಾಡಿದ್ದರು. "ಅದು ನಮ್ಮ ರೊಕ್ಕ ಅಲ್ಲ. ಸಾಮಾನು ಬರೂ ತನಕ ನಮ್ಮ ಕಡೆ ಇರ್ತದ, ಅಷ್ಟ." ರಾಯರು ಅದಕ್ಕೆಂದೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆಗೆದರು. ಸಾಮಾನು ಕೆಡದೆ ಬಂದರೆ ಪೂರ್ತಿ ಡಿಪಾಸಿಟ್ ಅಲ್ಲಿಯೇ, ಆಗಲೇ, ವಾಪಸು. ಕೆಟ್ಟು ಬಂದರೆ ಅದರ ಖರ್ಚು ಮುರಿದುಕೊಂಡು ಉಳಿದದ್ದು ವಾಪಸು. ಇದರಲ್ಲಿ ಯಾರೂ ತಪ್ಪು ಹೇಳುವಂತಿರಲಿಲ್ಲ.

ತಕರಾರು ಇದ್ದದ್ದು ತಪಾಸಣೆಯ ಬಗ್ಗೆ. ಡ್ರಿಲ್ ವಾಪಸು ತಂದ ಗಿರಾಕಿಯನ್ನು ರಾಯರು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಕನ್ನಡಕ ಬದಲಿಸುತ್ತಿದ್ದರು. ಸಣ್ಣ ಟಾರ್ಚು ಹಚ್ಚಿ, ಯಂತ್ರದ ಹೊಟ್ಟೆಯೊಳಗೆ ಇಣುಕಿ, ವೈರನ್ನು ಬೆರಳ ಸಂದಿಯಲ್ಲಿ ಉದ್ದಕ್ಕೂ ಜಾರಿಸಿ, ಕೊನೆಗೆ ಯಂತ್ರ ಓಡಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಮರಾಠಿ ಗಿರಾಕಿಗಳು ಅವರಿಗೆ 'ವಿಮಾನವಾಲೇ ಕಾಕಾ' ಎಂದು ಹೆಸರಿಟ್ಟಿದ್ದರು. ತೊಳೆದು ಒರೆಸಿದ ಏಣಿಯನ್ನೂ ಅವರು ಆಕಾಶಕ್ಕೆ ಹಾರಿಸಲಿಕ್ಕೆ ಹೊರಟವರ ಹಾಗೆ ನೋಡುತ್ತಿದ್ದರು.

ಒಳ್ಳೆಯ ಮಾತನ್ನೂ ಹೇಳಬೇಕು. ಬಳಸಿದ್ದರಿಂದ ಸಹಜವಾಗಿ ಸವೆದದ್ದಕ್ಕೆ ರಾಯರು ಒಂದು ಪೈಸೆ ಮುರಿದವರಲ್ಲ. ಬಣ್ಣ ಮಾಸಿದ್ದು, ಹಿಡಿ ನುಣುಪಾದದ್ದು, ಡ್ರಿಲ್ಲಿನ ಕಾರ್ಬನ್ ಬ್ರಷ್ ಸವೆದದ್ದು, ಇವೆಲ್ಲ ಬಾಡಿಗೆಯಲ್ಲೇ ಬಂತು ಎನ್ನುತ್ತಿದ್ದರು. ಆದರೆ ಗಿರಾಕಿಯ ಕೈಯಲ್ಲಿ ಏನಾದರೂ ಮುರಿಯಿತೋ, ಆ ಭಾಗಕ್ಕೆ ಹೊಸದು ಹಾಕಿಸಿ ಪೂರ್ತಿ ಬೆಲೆ ಮುರಿದುಕೊಳ್ಳುತ್ತಿದ್ದರು. "ನೆಟ್ಟಗಿದ್ದದ್ದು ಕೊಟ್ಟೀನಿ, ನೆಟ್ಟಗಿದ್ದದ್ದು ಬರಬೇಕು" ಎಂಬುದು ಅವರ ನ್ಯಾಯ.

ಈ ನ್ಯಾಯಕ್ಕೆ ಸಿಕ್ಕಿಬಿದ್ದವರು ಕೇಶವಮೂರ್ತಿ. ತುಮಕೂರಿನವರು, ಬ್ಯಾಂಕ್ ಅಧಿಕಾರಿ, ವರ್ಗವಾಗಿ ನಾಸಿಕಕ್ಕೆ ಬಂದು ಎರಡು ವರ್ಷ. ಕನ್ನಡ ಸಂಘದಲ್ಲಿ ರಾಯರ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯರು. ದೀಪಾವಳಿಗೆ ಮೊದಲು ತಾರಸಿ ತೊಳೆಯಲು ಐದು ಸಾವಿರ ಡಿಪಾಸಿಟ್ ಇಟ್ಟು ಪ್ರೆಶರ್ ವಾಷರ್ ಒಯ್ದರು. ನೀರಿನ ಪೈಪು ಜೋಡಿಸದೆ, ನಲ್ಲಿ ಬಿಡದೆ ಮಷೀನು ಹಚ್ಚಬಾರದು, ನೀರಿಲ್ಲದೆ ಓಡಿದರೆ ಪಂಪಿನ ಸೀಲುಗಳು ಸುಟ್ಟುಹೋಗುತ್ತವೆ ಎಂದು ರಾಯರು ಎರಡೆರಡು ಸಲ ಹೇಳಿ ಕಳಿಸಿದ್ದರು. ವಾಪಸು ಬಂದಾಗ ಮಷೀನು ಗುರುಗುಟ್ಟಿತೇ ಹೊರತು ನೀರು ನೆಗೆಯಲಿಲ್ಲ. ಬದಲಿಗೆ ಪಂಪಿನ ಸಂದಿಯಿಂದ ತೊಟ್ಟಿಕ್ಕಿತು.

"ನೀರಿಲ್ದ ಓಡಸೀರಿ," ಎಂದರು ರಾಯರು, ಕಣ್ಣು ಮುಚ್ಚಿಕೊಂಡೇ.

"ಇಲ್ಲ ಸ್ವಾಮಿ, ನೀರು ಒಂದು ನಿಮಿಷಾನೂ ನಿಲ್ಲಲಿಲ್ಲ. ಮೊದಲೇ ಹಿಂಗಿತ್ತೇನೋ!" ಎಂದರು ಕೇಶವಮೂರ್ತಿ.

"ಮೊದಲಽ ಹಿಂಗಿದ್ರ ನಾನು ನಿಮ್ಮ ಕೈಯಾಗ ಕೊಡ್ತಿದ್ದೆನಽ?"

ರಿಪೇರಿಯವನು ಎರಡು ದಾರಿ ಹೇಳಿದ. ಸೀಲುಗಳನ್ನಷ್ಟೇ ಬದಲಿಸಿದರೆ ಕೂಲಿ ಸೇರಿ ಸಾವಿರದ ಇನ್ನೂರು. ಪಂಪನ್ನೇ ಹೊಸದು ಹಾಕಿದರೆ ನಾಲ್ಕು ಸಾವಿರದ ಇನ್ನೂರು. ಮಷೀನಿಗೆ ಐದು ವರ್ಷ ವಯಸ್ಸಾಗಿತ್ತು. ರಾಯರು ಹೊಸ ಪಂಪು ಹಾಕಿಸಿ, ಕೇಶವಮೂರ್ತಿಗಳಿಗೆ ಎಂಟು ನೂರು ರೂಪಾಯಿ ವಾಪಸು ಕೊಟ್ಟರು.

ಆ ದಿನದಿಂದ ಕೇಶವಮೂರ್ತಿ ಸಂಘದ ಸಭೆಯಲ್ಲಿ ಕೋಣೆಯ ಇನ್ನೊಂದು ತುದಿಗೆ ಕೂರತೊಡಗಿದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬರೆದರು: 'ಒಂದು ದಿನಕ್ಕೆ ವಾಷರ್ ಬಾಡಿಗೆಗೆ ತಗೊಂಡು, ಮಾಲೀಕರಿಗೆ ಪಂಪ್ ಉಡುಗೊರೆ ಕೊಟ್ಟು ಬಂದೆ.' ಇಪ್ಪತ್ತು ಜನ ನಕ್ಕ ಮುಖ ಹಾಕಿದರು. ರಾಯರು ಒಂದು ವಾರ ಗುಂಪು ತೆರೆಯಲಿಲ್ಲ. ಅಲಕಾಬಾಯಿ ಎರಡು ಸಲ ನಕ್ಕದ್ದು ಮಾತ್ರ ಅವರಿಗೆ ಕೇಳಿಸಿತು.

ಅದಾಗಿ ಮೂರ್ನಾಲ್ಕು ತಿಂಗಳಿಗೆ ಮಗಳು ಶರ್ವಾಣಿಯ ಫೋನು ಬಂತು. ಅವಳ ಗಂಡನಿಗೆ ಛತ್ರಪತಿ ಸಂಭಾಜಿನಗರದ ಕಾರ್ಖಾನೆಯಲ್ಲಿ ಕೆಲಸ. ಹೊಸ ಫ್ಲ್ಯಾಟಿಗೆ ಹೋಗಿದ್ದರು. ನಡುಮನೆಯಲ್ಲಿ ತೂಗುಮಂಚ ಕಟ್ಟಬೇಕು, ಅಪ್ಪನೇ ಬಂದು ಕೊಂಡಿ ಹಾಕಿಕೊಡಬೇಕು ಎಂದು ಅವಳ ಆಸೆ. "ಮಿಸ್ತ್ರಿ ಕರಸ್ತಿದ್ದೆ, ಆದ್ರ ಆಮ್ಯಾಲೆ ನೀವು ಬಂದು ಅವನ ಕೆಲಸದಾಗ ತಪ್ಪು ಹುಡುಕ್ತೀರಿ," ಎಂದಳು. ರಾಯರಿಗೆ ಇದು ಹೊಗಳಿಕೆಯಂತೆ ಕೇಳಿಸಿತು.

ಗಂಡಹೆಂಡತಿ ಬೆಳಗಿನ ರೈಲು ಹತ್ತಿ, ಮನ್ಮಾಡದಲ್ಲಿ ಚಹಾ ಕುಡಿದು, ಮಧ್ಯಾಹ್ನದೊಳಗೆ ಮಗಳ ಮನೆ ಸೇರಿದರು. ಅಷ್ಟು ದೂರ ಯಾರು ಹೊರುತ್ತಾರೆಂದು ರಾಯರು ತಮ್ಮ ಡ್ರಿಲ್ ತಂದಿರಲಿಲ್ಲ. ಅಲ್ಲಿಯೇ ಒಂದು ಹ್ಯಾಮರ್ ಡ್ರಿಲ್ ಬಾಡಿಗೆಗೆ ತರುವುದು ಅವರ ಎಣಿಕೆ. ಛಾವಣಿಯ ಕಾಂಕ್ರೀಟಿಗೆ ಸಣ್ಣ ಡ್ರಿಲ್ ಏನೂ ಮಾಡುವುದಿಲ್ಲ.

ಶರ್ವಾಣಿಯ ಮನೆಯ ಹಿಂದಿನ ರಸ್ತೆಯಲ್ಲೇ ಅಂಥ ಅಂಗಡಿ ಇತ್ತು. ನಡೆಸುವವರು ನೀಲಾಂಬಿಕಾ ಎಂಬ ನಲವತ್ತರ ಹೆಂಗಸು, ಬೀದರ್ ಜಿಲ್ಲೆಯವರು. ರಾಯರ ಮರಾಠಿಯೊಳಗಿಂದ ಕನ್ನಡ ಇಣುಕಿದ್ದೇ ತಡ, "ಕನ್ನಡದೋರೇನ್ರಿ ಕಾಕಾ? ಬರ್ರಿ, ಕುಂದುರ್ರಿ," ಎಂದು ಕುರ್ಚಿ ಎಳೆದರು. ಚಹಾ ತರಿಸಿದರು. ಯಾವ ಊರು, ಎಷ್ಟು ಮಕ್ಕಳು ಎಲ್ಲ ವಿಚಾರಿಸಿದರು. ಆಮೇಲೆ ಅದೇ ನಗುಮುಖದಲ್ಲಿ, "ಬಾಡಿಗಿ ದಿನಕ್ಕ ನಾಕ್ನೂರು, ಡಿಪಾಸಿಟ್ ಮೂರು ಸಾವಿರ," ಎಂದರು.

ರಾಯರು ಚಹಾದ ಲೋಟ ಕೆಳಗಿಟ್ಟರು. "ಏನವ್ವಾ, ನಮ್ಮೋರು ನಮ್ಮೋರಿಗೇ ಡಿಪಾಸಿಟ್? ನಂದೂ ಇಂಥಾದ್ದಽ ಅಂಗಡಿ ಅದ, ನಾಸಿಕದಾಗ. ಈ ಮಷೀನಿನ ನರನರ ಗೊತ್ತದ ನನಗ."

"ಭಾಳ ಛಲೋ ಆತ್ರಿ. ಅಂದ್ರ ಡಿಪಾಸಿಟ್ ಯಾಕಂತ ನಿಮಗ ಬಿಡಿಸಿ ಹೇಳೂ ಕೆಲಸಿಲ್ಲ."

ಅಲಕಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ರಾಯರು ಫೋನಿನಿಂದ ಮೂರು ಸಾವಿರದ ನಾಲ್ಕು ನೂರು ಕಳಿಸಿದರು. ನೀಲಾಂಬಿಕಾ ರಸೀದಿಯಲ್ಲಿ ಬಾಡಿಗೆ ಒಂದು ಸಾಲಿನಲ್ಲಿ, ಡಿಪಾಸಿಟ್ ಇನ್ನೊಂದು ಸಾಲಿನಲ್ಲಿ ಬರೆದು ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಮಷೀನನ್ನು ಮೇಜಿನ ಮೇಲಿಟ್ಟು, ಸುತ್ತಲೂ ತಿರುಗಿಸುತ್ತ, ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. "ಇಲ್ಲಿ ಎಡಕ್ಕ ಹಳೇ ಗೀರು ಒಂದದ, ನಿಮ್ಮದಲ್ಲ. ವೈರ್ ನೆಟ್ಟಗದ. ಈಗ ಓಡಸಿ ತೋರಿಸ್ತೀನಿ." ಓಡಿಸಿದರು. "ನೋಡಿದ್ರೆಲ್ಲ ಕಾಕಾ? ಹೂಂ ಅನ್ರಿ, ವಿಡಿಯೋದಾಗ ಬರ್ಲಿ."

"ಹೂಂ," ಎಂದರು ರಾಯರು, ಸಾಕ್ಷಿಕಟ್ಟೆಯಲ್ಲಿ ನಿಂತವರ ಮುಖ ಮಾಡಿಕೊಂಡು. ದಾರಿಯುದ್ದಕ್ಕೂ ಅವರು ಅದನ್ನೇ ಗೊಣಗಿದರು. "ವಿಡಿಯೋ ಮಾಡ್ತಾಳ. ನನ್ನ ನಂಬಿಕಿಲ್ಲ ಅಕಿಗೆ."

"ನೀವು ಟಾರ್ಚ್ ಹಾಕಿ ನೋಡ್ತೀರಲ್ಲ, ಅದು ನಂಬಿಕೀನಽ?" ಎಂದರು ಅಲಕಾಬಾಯಿ.

ಮನೆಯಲ್ಲಿ ಕೆಲಸ ಜೋರಾಗಿ ಶುರುವಾಯಿತು. ರಾಯರು ಮನೆಯಲ್ಲಿದ್ದ ಮಡಚುವ ಏಣಿ ನಿಲ್ಲಿಸಿ, ಟೇಪು ಹಿಡಿದು ಅಳೆದು, ಛಾವಣಿಗೆ ಪೆನ್ಸಿಲಿನಿಂದ ಗುರುತು ಮಾಡಿ, ಮೊದಲನೇ ಕೊಂಡಿಗೆ ತೂತು ಕೊರೆದು ಬಿಗಿದೇಬಿಟ್ಟರು. ಮೊಮ್ಮಗಳು ಪ್ರಾಚಿ ಸೋಫಾದ ಮೇಲೆ ಕೂತು, "ಆಜೋಬಾ, ಝೋಕಾ ಯಾವಾಗ?" ಎಂದು ಅಜ್ಜನೆದುರು ಉಯ್ಯಾಲೆಗಾಗಿ ಒಂದೇ ರಾಗ ಹಾಡುತ್ತಿದ್ದಳು. ಎರಡನೇ ಕೊಂಡಿಯ ಜಾಗವನ್ನು ಮತ್ತೊಮ್ಮೆ ಅಳೆಯಬೇಕೆಂದು ರಾಯರು ಮಷೀನನ್ನು ಏಣಿಯ ಮೇಲಿನ ಮೆಟ್ಟಿಲ ಮೇಲೆ ಇಟ್ಟರು.

ಏಣಿಯ ಮೇಲೆ ಮಷೀನು ಇಡಬಾರದು ಎಂದು ರಾಯರು ತಮ್ಮ ಗಿರಾಕಿಗಳಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಈಗ ಅವರೇ ಇಟ್ಟರು. ಕೆಳಗಿಳಿಯುವಾಗ ಅವರ ಕಾಲಿಗೆ ವೈರು ಸಿಕ್ಕಿತು. ಮಷೀನು ಒಮ್ಮೆ ಆಲೋಚಿಸಿದಂತೆ ವಾಲಿ, ಧಡ್ ಎಂದು ನೆಲಕ್ಕೆ ಬಿತ್ತು.

ಪ್ರಾಚಿ ಚಪ್ಪಾಳೆ ತಟ್ಟಿದಳು. ಟೈಲ್ಸಿಗೆ ಏನೂ ಆಗಿರಲಿಲ್ಲ. ಮಷೀನಿನ ಹಿಡಿಯ ಬುಡದಲ್ಲಿ ಮಾತ್ರ ಪ್ಲಾಸ್ಟಿಕ್ ಮೈ ಬಿರುಕು ಬಿಟ್ಟು, ಒಂದು ಚೂರು ಹಾರಿ ಸೋಫಾದ ಕೆಳಗೆ ಹೋಗಿತ್ತು. ರಾಯರು ಪ್ಲಗ್ ತೆಗೆದು, ಮಂಡಿಯೂರಿ, ಆ ಚೂರನ್ನು ಹುಡುಕಿ ತೆಗೆದರು. ಮೈ ಒಡೆದ ಮಷೀನು ಓಡಿಸುವುದು ಅಪಾಯ ಎಂದು ಅವರಿಗೆ ಗೊತ್ತಿತ್ತು. ಓಡಿಸಲಿಲ್ಲ. ಆದರೆ ಅಂಗಡಿಗೂ ಹೋಗಲಿಲ್ಲ. ನೆಟ್ಟಗೆ ಹೋದದ್ದು ಮೂಲೆಯ ಹಾರ್ಡ್‌ವೇರ್ ಅಂಗಡಿಗೆ. ಅಲ್ಲಿಂದ ಎರಡು ಕೊಳವೆಯ ಅಂಟು ತಂದರು.

ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ, ಬೆಂಕಿಕಡ್ಡಿಯಲ್ಲಿ ಅಂಟು ಕಲಸಿ, ಚೂರನ್ನು ಕೂರಿಸಿ, ಹೆಚ್ಚಾದ ಅಂಟು ಒರೆಸಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಕಡೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಹೊಳಪು ಕೊಟ್ಟರು.

"ಇಷ್ಟು ಶ್ರದ್ಧಾದಿಂದ ನೀವು ದೇವರಿಗೆ ಗಂಧಾ ಹಚ್ಚಿದ್ದು ಸುದ್ದಾ ನಾ ನೋಡಿಲ್ಲ," ಎಂದರು ಅಲಕಾಬಾಯಿ ಬಾಗಿಲಲ್ಲಿ ನಿಂತು.

"ಗಟ್ಟಿ ಆಗಲೀಂತ."

"ಗಟ್ಟಿ ಆಗಲೀಂತ ಅಂಟು. ಎಣ್ಣಿ ಯಾಕ?"

ರಾಯರು ಎಣ್ಣೆಯ ಬಾಟಲಿಗೆ ಮುಚ್ಚಳ ಬಿಗಿದರು. ಅಂಗಡಿಯಾಕೆಗೆ ಹೇಳುತ್ತೀರೋ ಇಲ್ಲವೋ ಎಂದು ಅಲಕಾಬಾಯಿ ಮತ್ತೆ ಕೇಳಿದರು. "ಕೇಳಿದ್ರ ಹೇಳೂದು," ಎಂದರು ರಾಯರು, ಹೆಂಡತಿಯ ಕಣ್ಣು ತಪ್ಪಿಸುತ್ತ.

ಸಂಜೆ ಇಬ್ಬರೂ ಅಂಗಡಿಗೆ ಹೋದರು. ರಾಯರು ಮಷೀನನ್ನು ಮೇಜಿನ ಮೇಲೆ ಇಡುವಾಗ ಬಿರುಕಿನ ಕಡೆ ಗೋಡೆಗೆ ಬರುವಂತೆ ಇಟ್ಟರು. ಇದು ಹಳೆಯ ಉಪಾಯ. ಅವರ ಅಂಗಡಿಗೆ ಬರುವವರೆಲ್ಲ ಹೀಗೆಯೇ ಇಡುತ್ತಾರೆ, ರಾಯರು ಮೊದಲು ತಿರುಗಿಸಿ ನೋಡುವುದೂ ಗೋಡೆಯ ಕಡೆಯನ್ನೇ. ನೀಲಾಂಬಿಕಾ ಕೂಡ ಮೊದಲು ತಿರುಗಿಸಿದ್ದು ಅದನ್ನೇ.

ಅವರಿಗೆ ಟಾರ್ಚು ಬೇಕಾಗಲಿಲ್ಲ. ಹೆಬ್ಬೆರಳು ಹಿಡಿಯ ಬುಡದ ಮೇಲೆ ಜಾರಿ, ನಿಂತು, ಹಿಂದಕ್ಕೆ ಬಂದು ಮತ್ತೆ ಜಾರಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದರು.

"ಕೊಬ್ಬರಿ ಎಣ್ಣಿ ಏನ್ರಿ ಕಾಕಾ?"

"ಮೊದಲಽ ಹಂಗಿತ್ತೇನೋ..." ಎಂದವು ರಾಯರ ತುಟಿಗಳು.

ಮಾತು ಹೊರಬಿದ್ದಾಗ ಅದರ ದನಿ ಅವರಿಗೇ ಗುರುತು ಹತ್ತಿತು. ಅಂಗಡಿ ತೆಗೆದ ದಿನದಿಂದ ಸ್ಟೂಲಿನ ಮೇಲೆ ಕೂತವರೆಲ್ಲ ಹೇಳಿದ ಮಾತು ಅದು. ಅವರಲ್ಲಿ ಅರ್ಧ ಜನರನ್ನು ಅವರು ಮನಸ್ಸಿನಲ್ಲೇ ಸುಳ್ಳರೆಂದು ಬೈದಿದ್ದರು, ಇನ್ನರ್ಧ ಜನರನ್ನು ಬಾಯಿಬಿಟ್ಟೇ ಬೈದಿದ್ದರು. ನೀಲಾಂಬಿಕಾ ಫೋನಿನ ಕಡೆ ಕೈ ಚಾಚಿದರು.

"ಬ್ಯಾಡವ್ವಾ, ವಿಡಿಯೋ ಬ್ಯಾಡ," ಎಂದರು ರಾಯರು. "ಏಣಿ ಮ್ಯಾಲಿಂದ ಕೆಡವೀನಿ. ನಂದಽ ತಪ್ಪು. ಅಂಟೂ ನಾನಽ ಹಚ್ಚೀನಿ."

"ಎಣ್ಣೀನೂ," ಎಂದರು ಅಲಕಾಬಾಯಿ.

ನೀಲಾಂಬಿಕಾ ಜೋರಾಗಿ ನಕ್ಕರು. ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದ ರಾಯರಿಗೆ ಆ ನಗುವನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಆಕೆ ಮಷೀನನ್ನು ಪಕ್ಕಕ್ಕೆ ಒಯ್ದು, ಸ್ಕ್ರೂ ಬಿಚ್ಚಿ, ಒಳಗಿನ ಮೋಟಾರು, ಗೇರು ನೋಡಿ, ಅವಕ್ಕೆ ಏನೂ ಆಗಿಲ್ಲವೆಂದು ತೋರಿಸಿದರು. ರಿಪೇರಿಯವನಿಗೆ ಸ್ಪೀಕರಿನಲ್ಲೇ ಫೋನು ಹಚ್ಚಿ ಬೆಲೆ ಕೇಳಿದರು. ಪ್ಲಾಸ್ಟಿಕ್ ಕವಚ ಹೊಸದಕ್ಕೆ ಒಂಬೈನೂರು, ಕೂಲಿ ಇನ್ನೂರು.

"ಹನ್ನೊಂದು ನೂರು ಮುರಕೋ," ಎಂದರು ರಾಯರು. ಈ ಲೆಕ್ಕ ಅವರಿಗೆ ನೀರು ಕುಡಿದಷ್ಟು ಸುಲಭ.

"ಇಲ್ರಿ. ಆರು ನೂರಾ ಐವತ್ತು."

ರಾಯರು ತಪ್ಪು ಕೂಡಿಸಿದ್ದೀಯೆಂದು ಹೇಳಹೊರಟರು. ನೀಲಾಂಬಿಕಾ ತಡೆದರು. "ಕೂಲಿ ಪೂರ್ತಿ ನಿಮ್ಮದು. ಕವಚದ್ದು ಅರ್ಧ ನಿಮ್ಮದು, ಅರ್ಧ ನಂದು. ಈ ಮಷೀನು ತಂದು ಮೂರು ವರ್ಷಾತು ಕಾಕಾ. ಇದರ ಅರ್ಧ ಆಯುಷ್ಯದ ಬಾಡಿಗಿ ನಾ ತಿಂದೀನಿ. ನೀವು ಒಡದದ್ದು ಹಳೇ ಕವಚ. ನನಗ ಬರೂದು ಹೊಸದು. ಹೊಸದಕ್ಕ ನೀವ್ಯಾಕ ಪೂರ್ತಿ ಕೊಡಬೇಕು?"

"ಎಲ್ಲಾ ಗಿರಾಕಿಗೂ ಹಿಂಗಽ ಮಾಡ್ತೀಯೇನವ್ವಾ?"

"ಮತ್ತ? ಡಿಪಾಸಿಟ್ ಇರೂದು ನನ್ನ ನುಕಸಾನ ತುಂಬಲಿಕ್ಕ. ನನ್ನ ಅಂಗಡಿ ಹೊಸದು ಮಾಡಲಿಕ್ಕ ಅಲ್ಲಲ್ರಿ."

ಆಕೆ ಉಪದೇಶ ಮಾಡುವ ದನಿಯಲ್ಲಿ ಹೇಳಿದ್ದಲ್ಲ. ರಸೀದಿಯ ಕೆಳಗೆ ಮುರಿದ ಹಣದ ವಿವರ ಬರೆಯುತ್ತ ಹೇಳಿದ್ದು. ಎರಡು ಸಾವಿರದ ಮುನ್ನೂರ ಐವತ್ತು ರಾಯರ ಫೋನಿಗೆ ಠಣ್ ಎಂದು ಬಂತು. ರಾಯರು ಫೋನಿನ ಪರದೆಯನ್ನೇ ನೋಡುತ್ತ ನಿಂತರು. ಅವರ ಕಣ್ಣ ಮುಂದೆ ಇದ್ದದ್ದು ಐದು ವರ್ಷ ದುಡಿದ ವಾಷರಿನಲ್ಲಿ ಹೊಳೆಯುತ್ತಿದ್ದ ಹೊಚ್ಚ ಹೊಸ ಪಂಪು.

ಕೆಲಸ ಅರ್ಧಕ್ಕೆ ನಿಂತಿದೆಯಲ್ಲ ಎಂದು ಅಲಕಾಬಾಯಿ ನೆನಪಿಸಿದರು. ಒಂದು ಕೊಂಡಿಯ ಮೇಲೆ ತೂಗುಮಂಚ ನಿಲ್ಲುವುದಿಲ್ಲ. ನೀಲಾಂಬಿಕಾ ಒಳಗಿಂದ ಇನ್ನೊಂದು ಹ್ಯಾಮರ್ ಡ್ರಿಲ್ ತಂದು ಮೇಜಿನ ಮೇಲಿಟ್ಟರು. "ಇವತ್ತಿನ ಬಾಡಿಗಿ ಕೊಟ್ಟೀರಿ, ನಾಳೆ ಮುಂಜಾನಿ ಹತ್ತರ ತನಕ ಇದನ್ನ ಇಟಗೋರಿ. ಬಾಡಿಗಿ ಬ್ಯಾಡ."

ರಾಯರ ಕಣ್ಣು ತುಂಬಿ ಬಂದಂತಾಯಿತು. "ಭಾಳ ದೊಡ್ಡ ಮನಸ್ಸು ನಿಂದು," ಎನ್ನುತ್ತ ಮಷೀನಿಗೆ ಕೈಹಾಕಿದರು.

ನೀಲಾಂಬಿಕಾ ಅದರ ಮೇಲೆ ತಮ್ಮ ಕೈ ಇಟ್ಟರು. "ಡಿಪಾಸಿಟ್ ಮೂರು ಸಾವಿರ, ಕಾಕಾ."

ಈಗಷ್ಟೇ ಬಂದ ಎರಡು ಸಾವಿರದ ಮುನ್ನೂರ ಐವತ್ತರ ಜೊತೆಗೆ ಇನ್ನೂ ಆರು ನೂರ ಐವತ್ತು ಸೇರಿ ರಾಯರ ಫೋನಿನಿಂದ ಹೊರಟಿತು. ಮತ್ತೆ ವಿಡಿಯೋ ಆಯಿತು. ಈ ಸಲ ರಾಯರು ಕೇಳುವ ಮೊದಲೇ "ಹೂಂ" ಎಂದರು. ರಾತ್ರಿ ಊಟದ ಹೊತ್ತಿಗೆ ಎರಡನೇ ಕೊಂಡಿ ಬಿಗಿದಾಗಿತ್ತು. ಕೊರೆಯುವಾಗ ಬಿಟ್ಟರೆ ಮಷೀನು ಅಷ್ಟು ಹೊತ್ತೂ ನೆಲದ ಮೇಲೆ, ಮಡಿಸಿದ ಕಂಬಳಿಯ ನಡುವೆ, ಬಾಣಂತಿಯ ಕೂಸಿನ ಹಾಗೆ ಇತ್ತು. ಮರುದಿನ ಬೆಳಿಗ್ಗೆ ಪೂರ್ತಿ ಡಿಪಾಸಿಟ್ ವಾಪಸು ಬಂದಾಗ ರಾಯರು ಆ ಸಂದೇಶವನ್ನು ಹೆಂಡತಿಗೂ ಮಗಳಿಗೂ ತೋರಿಸಿದರು.

ನಾಸಿಕಕ್ಕೆ ಮರಳುವ ರೈಲಿನಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ನಿಫಾಡ ದಾಟಿದ ಮೇಲೆ, "ಕೇಶವಮೂರ್ತಿ ಮನಿಗೆ ಹೋಗಿ ಬರೋಣೇನು?" ಎಂದರು.

"ಹೋಗೋಣಂತ. ನಾನೇನು ಅವರ ಜೋಡಿ ಮಾತು ಬಿಟ್ಟಿಲ್ಲ," ಎಂದರು ಅಲಕಾಬಾಯಿ.

ಆ ಭಾನುವಾರ ಗಂಗಾಪುರ ರಸ್ತೆಯ ಮನೆಯಲ್ಲಿ ಬಾಗಿಲು ತೆಗೆದವರು ಕೇಶವಮೂರ್ತಿಯವರ ಹೆಂಡತಿ ಜಲಜಾ. ಕೇಶವಮೂರ್ತಿ ಪೇಪರು ಓದುತ್ತಿದ್ದರು. ರಾಯರನ್ನು ಕಂಡು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿದರು. ರಾಯರು ಕೂರದೆ, ನಿಂತಲ್ಲೇ, ಪಾಠ ಒಪ್ಪಿಸುವವರ ಹಾಗೆ ಹೇಳಿದರು: "ಸೀಲ್ ಹಾಕಿಸಿದ್ರ ಸಾವಿರದ ಇನ್ನೂರಕ್ಕ ಆಗ್ತಿತ್ತು. ನಾನು ಪಂಪಽ ಹೊಸದು ಹಾಕಿಸಿ ನಿಮ್ಮ ಡಿಪಾಸಿಟ್ಟಿನಾಗ ಮುರಕೊಂಡೆ. ಮೂರು ಸಾವಿರ ನಿಮಗ ವಾಪಸ್ ಬರಬೇಕು. ತಗೋರಿ." ಒಂದು ಲಕೋಟೆ ಟೀಪಾಯಿಯ ಮೇಲೆ ಇಟ್ಟರು.

ಪೇಪರು ಕೆಳಗಿಳಿಯಿತು. ಕೇಶವಮೂರ್ತಿ ಲಕೋಟೆಯನ್ನೂ ರಾಯರನ್ನೂ ಮತ್ತೆ ಮತ್ತೆ ನೋಡಿದರು. "ಅಲ್ಲ ಸ್ವಾಮಿ, ಈ ನಾಲ್ಕು ತಿಂಗಳ ಬಡ್ಡಿ?" ಎಂದರು. ಗಂಭೀರವಾಗಿ ಹೇಳಲು ಹೋಗಿ ಅವರಿಗೇ ನಗು ಬಂತು.

"ನಿಮ್ಮ ಬ್ಯಾಂಕಿನಾಗ ಎಷ್ಟು ಕೊಡ್ತೀರಿ ಹೇಳ್ರಿ, ಅಷ್ಟು ಕೊಡ್ತೀನಿ," ಎಂದರು ರಾಯರು.

ಜಲಜಾ ಕಾಫಿ ಹಿಡಿದುಕೊಂಡು ಬಂದವರು ತಟ್ಟೆಯನ್ನು ಇಡಲೇ ಇಲ್ಲ. "ಬಡ್ಡಿ ಕೇಳ್ತಾರೆ ಬೇರೆ! ನೀರು ಒಂದು ನಿಮಿಷಾನೂ ನಿಲ್ಲಲಿಲ್ಲ ಅಂತ ಹೇಳಿ ಬಂದ್ರಂತಲ್ಲ ನಿಮ್ಮ ಹತ್ರ? ಟ್ಯಾಂಕಲ್ಲಿ ನೀರು ಮುಗಿದಿತ್ತು ರಾಯರೇ. ಇವರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಆ ನೀರು ಚಿಮ್ಮೋ ಗನ್ನು ಹಿಡ್ಕೊಂಡು, ರೀಜನಲ್ ಆಫೀಸಿನವರ ಜೊತೆ ಮಾತಾಡ್ತಾ ನಿಂತಿದ್ರು. ಮಷೀನು ಒಣಾ ಒಣಾ ಅರಚ್ತಾ ಇತ್ತು. ಕೆಳಗಿಂದ ನಾನೂ ಕೂಗ್ದೆ."

"ಜಲಜಾ..." ಎಂದರು ಕೇಶವಮೂರ್ತಿ.

"ಏನು ಜಲಜಾ? ಗುಂಪಲ್ಲಿ ಜೋಕು ಹಾಕೋವಾಗ ಇದನ್ನೂ ಹಾಕ್ಬೇಕಿತ್ತು."

ಕೇಶವಮೂರ್ತಿ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಬಹಳ ಹೊತ್ತು ಒರೆಸಿದರು. "ನೀರು ನಿಂತಿದ್ದು ಗೊತ್ತಾಗಿತ್ತು ರಾಯರೇ," ಎಂದರು ಕಡೆಗೆ. "ಮಷೀನು ಕೆಟ್ಟಿದೆ ಅಂತಾನೂ ಗೊತ್ತಾಗಿತ್ತು. ನಿಮ್ಮ ಟಾರ್ಚು ನೋಡಿ ಬಾಯಿಗೆ ಬೇರೆ ಮಾತು ಬಂತು."

ರಾಯರಿಗೆ ಒಳಗೊಳಗೇ ಖುಷಿಯಾಯಿತು. ಮುಚ್ಚಿದ ಕಣ್ಣಿನಲ್ಲೇ ತಾವು ಹೇಳಿದ್ದ ರೋಗ ಸರಿಯಾಗಿತ್ತು! ಅದನ್ನು ಒಂದೆರಡು ಸಲ ಹೇಳಿಕೊಳ್ಳುತ್ತಿದ್ದರೇನೋ. ಆದರೆ ಅಲಕಾಬಾಯಿ ಅಷ್ಟರಲ್ಲಿ ಸಂಭಾಜಿನಗರದ ಕಥೆ ಶುರು ಮಾಡಿಬಿಟ್ಟಿದ್ದರು. ಏಣಿ, ಅಂಟು, ಬೆಂಕಿಕಡ್ಡಿ ಎಲ್ಲ ಬಂತು. ಕೊಬ್ಬರಿ ಎಣ್ಣೆಯ ತನಕ ಬರುವ ಹೊತ್ತಿಗೆ ಕೇಶವಮೂರ್ತಿ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಒರಗಿದ್ದರು. ಸಾವಿರದ ಇನ್ನೂರು ತಮ್ಮದೇ ತಪ್ಪಿನದು, ಅದನ್ನು ಮುರಿದದ್ದು ಸರಿ ಎಂದು ಒಪ್ಪಿ, ಮೂರು ಸಾವಿರದ ಲಕೋಟೆಯನ್ನು ತೆಗೆದುಕೊಂಡರು. ಆ ಲಕೋಟೆಯನ್ನು ಗಂಡನ ಕೈಯಿಂದ ಜಲಜಾ ತೆಗೆದುಕೊಂಡರು.

ಆಮೇಲೆ ರಾಯರ ಅಂಗಡಿಯಲ್ಲಿ ಕೆಲವು ಬದಲಾವಣೆಗಳಾದವು. ಕೊಡುವಾಗಲೇ ಗಿರಾಕಿಯ ಎದುರಿಗೆ ಮಷೀನು ಓಡಿಸಿ, ಹಳೆಯ ಗೀರುಗಳನ್ನು ತೋರಿಸಿ ವಿಡಿಯೋ ಮಾಡುವ ಕೆಲಸ ಅಲಕಾಬಾಯಿ ವಹಿಸಿಕೊಂಡರು. ಕೆಟ್ಟು ಬಂದರೆ, ರಿಪೇರಿಯಲ್ಲಿ ಸರಿಯಾಗುವಂಥದ್ದಕ್ಕೆ ರಿಪೇರಿಯ ಬಿಲ್ಲಿನಷ್ಟೇ ಮುರಿಯುತ್ತಾರೆ. ಭಾಗವನ್ನೇ ಬದಲಿಸಬೇಕಾದರೆ ಮಷೀನಿನ ವಯಸ್ಸು ನೋಡಿ ತಮ್ಮ ಪಾಲು ತಾವು ಹಾಕುತ್ತಾರೆ. ಬಿಲ್ಲನ್ನೂ ತೆಗೆದ ಹಳೆಯ ಭಾಗವನ್ನೂ ಗಿರಾಕಿಯ ಕೈಗೆ ಕೊಡುತ್ತಾರೆ. ಇದರಿಂದ ರಾಯರಿಗೆ ನಷ್ಟವಾಗಿದೆಯೋ ಲಾಭವಾಗಿದೆಯೋ ಹೇಳುವುದು ಕಷ್ಟ. ಜಗಳ ಕಡಿಮೆಯಾಗಿರುವುದಂತೂ ನಿಜ. ಅದರಿಂದ ಅವರಿಗೆ ಸ್ವಲ್ಪ ಬೇಸರವೂ ಆಗಿದೆ ಎಂದು ಅಲಕಾಬಾಯಿ ಹೇಳುತ್ತಾರೆ. ಟಾರ್ಚನ್ನು ಮಾತ್ರ ರಾಯರು ಬಿಟ್ಟಿಲ್ಲ. ಬಿಡುತ್ತಾರೆಂದು ಯಾರೂ ಆಸೆ ಇಟ್ಟುಕೊಂಡಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಕೇಶವಮೂರ್ತಿಗಳಿಗೆ ಮನ್ಮಾಡದ ಶಾಖೆಗೆ ವರ್ಗವಾಯಿತು. ಮನೆ ಸಾಮಾನು ಇಳಿಸಲು ಕೈಗಾಡಿ ಬೇಕೆಂದು ಅಂಗಡಿಗೆ ಬಂದರು. ಗೆಳೆತನ ಬೇರೆ, ಡಿಪಾಸಿಟ್ ಬೇರೆ. ರಾಯರು ಕೇಳುವ ಮೊದಲೇ ಕೇಶವಮೂರ್ತಿ ಅದನ್ನು ಇಟ್ಟರು. ಎರಡು ದಿನ ಬಿಟ್ಟು ಕೈಗಾಡಿ ತಿರುಗಿ ಬಂದಾಗ ಗಾಲಿಗಳ ಕೆಸರನ್ನು ಸಹ ತೊಳೆದಾಗಿತ್ತು. ರಾಯರು ಕನ್ನಡಕ ಬದಲಿಸಿ, ಟಾರ್ಚು ಹಚ್ಚಿ, ನಾಲ್ಕೂ ಗಾಲಿ ತಿರುಗಿಸಿ ನೋಡಿ, ಪೂರ್ತಿ ಡಿಪಾಸಿಟ್ ವಾಪಸು ಮಾಡಿದರು.

ಕೇಶವಮೂರ್ತಿಗಳ ಮನೆಯಲ್ಲಿ ಪಾತ್ರೆಗಳನ್ನೆಲ್ಲ ಗಂಟು ಕಟ್ಟಿದ್ದರಿಂದ ಆ ದಿನ ಗಂಡಹೆಂಡತಿ ಇಬ್ಬರಿಗೂ ರಾಯರ ಮನೆಯಲ್ಲೇ ಊಟ. ಅಲಕಾಬಾಯಿ ಕಟಕರೊಟ್ಟಿ, ತುಂಬಗಾಯಿ ಬದನೆಕಾಯಿ, ಶೇಂಗಾ ಚಟ್ನಿ ಬಡಿಸಿದರು. ಮುದ್ದೆ ತಿಂದು ಬೆಳೆದ ಕೇಶವಮೂರ್ತಿ ಕಟಕರೊಟ್ಟಿಯನ್ನು ಒಂದು ಕೈಯಲ್ಲಿ ಮುರಿಯಲು ಹೋದಾಗ ಚೂರು ಹಾರಿ ರಾಯರ ಮಜ್ಜಿಗೆಯ ಲೋಟದಲ್ಲಿ ಬಿತ್ತು. ಜಲಜಾ ಗಂಡನ ಪರವಾಗಿ ಕ್ಷಮೆ ಕೇಳಿದರು. ರಾಯರು ಚೂರನ್ನು ಚಮಚದಿಂದ ಎತ್ತಿ ಬಾಯಿಗೆ ಹಾಕಿಕೊಂಡು, ಮನ್ಮಾಡದಲ್ಲಿ ನೀರಿನ ತಾಪತ್ರಯ ಬಹಳ, ಹೊಸ ಮನೆ ಹೊಕ್ಕ ಕೂಡಲೇ ಟ್ಯಾಂಕು ನೋಡಿಕೊಳ್ಳಿ ಎಂದರು.